ತೆರಿಗೆ ಇಲಾಖೆ ಬಡವನಿಗೆ ಹಣ ಕೊಟ್ಟರೆ: ಸೂತ್ರ ಸರಳ, ಲೆಕ್ಕ ಕಷ್ಟ

ಚಿಕ್ಕಮಗಳೂರಿನಲ್ಲಿ ಪ್ರವಾಸಿ ಟ್ಯಾಕ್ಸಿ ಓಡಿಸುವವನೊಬ್ಬ ಕಂಪನಿಯೊಂದಕ್ಕೆ ಗುತ್ತಿಗೆ ಮೇಲೆ ಕಾರು ಬಿಟ್ಟಿದ್ದಾನೆ ಎಂದುಕೊಳ್ಳಿ. ವರ್ಷಕ್ಕೆ 3 ಲಕ್ಷ ರೂಪಾಯಿ ಬಾಡಿಗೆ ಬಂದರೆ ಕಂಪನಿ ಅದರಲ್ಲಿ ಶೇ 1ರಷ್ಟು, ಅಂದರೆ 3,000 ರೂಪಾಯಿಯನ್ನು ಟಿಡಿಎಸ್ ಎಂದು ಹಿಡಿಯುತ್ತದೆ. ಆತನಿಗೆ ತೆರಿಗೆಯೇ ಬರುವುದಿಲ್ಲ. ಹಾಗಾಗಿ ರಿಟರ್ನ್ ತುಂಬಿಸಿ ಆ 3,000ವನ್ನು ವಾಪಸ್ ಪಡೆಯುತ್ತಾನೆ. ಕಡಿಮೆ ದುಡಿಯುವವನಿಗೆ ನಮ್ಮ ಆದಾಯ ತೆರಿಗೆ ಇಲಾಖೆಯಿಂದ ಬರುವ ಹಣ ಇಷ್ಟೇ, ಅದೂ ಅವನದೇ ಹಣ. ಅವನದಲ್ಲದ ಹಣವನ್ನೂ ಇದೇ ದಾರಿಯಲ್ಲಿ ಕಳಿಸಿದರೆ ಹೇಗೆ ಎಂಬ ಪ್ರಶ್ನೆಗೆ ಎಂಬತ್ತು ವರ್ಷಗಳ ಇತಿಹಾಸವಿದೆ.

1940ರ ದಶಕದಲ್ಲಿ ಬ್ರಿಟನ್ನಿನ ಜೂಲಿಯೆಟ್ ರೈಸ್-ವಿಲಿಯಮ್ಸ್ ಇದಕ್ಕೆ ಹತ್ತಿರದ ಯೋಚನೆಯನ್ನು ಮುಂದಿಟ್ಟರು. 1962ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅದಕ್ಕೆ ನೆಗೆಟಿವ್ ಇನ್‌ಕಮ್ ಟ್ಯಾಕ್ಸ್, ಅಂದರೆ ಋಣಾತ್ಮಕ ಆದಾಯ ತೆರಿಗೆ ಎಂಬ ಹೆಸರಿನಲ್ಲಿ ಪ್ರಚಾರ ಕೊಟ್ಟರು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಅದೇ ಜಾತಿಯ ಯೋಜನೆಯೊಂದನ್ನು ಪ್ರಕಟಿಸಿದರು. ಕೆಳಮನೆ ಒಪ್ಪಿತು, ಸೆನೆಟ್ ಒಪ್ಪಲಿಲ್ಲ. 1975ರಲ್ಲಿ ಅದರ ಜಾಗಕ್ಕೆ ಚಿಕ್ಕದೊಂದು ಬಂತು: ಗಳಿಕೆ ಕ್ರೆಡಿಟ್.

ಇವೆರಡರ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಮುಂದಿನದ್ದೆಲ್ಲ ಗೋಜಲು. ಋಣಾತ್ಮಕ ತೆರಿಗೆಯಲ್ಲಿ ಏನೂ ದುಡಿಯದವನಿಗೆ ಅತಿ ಹೆಚ್ಚು ಹಣ. ದುಡಿಮೆ ಏರಿದಂತೆ ಅದು ಕರಗುತ್ತದೆ. ಗಳಿಕೆ ಕ್ರೆಡಿಟ್‌ನಲ್ಲಿ ದುಡಿಯದವನಿಗೆ ಸೊನ್ನೆ. 1975ರ ಅಮೆರಿಕದ ಕಾನೂನಿನಲ್ಲಿ ಮಕ್ಕಳಿರುವ ಕುಟುಂಬ ದುಡಿದ ಪ್ರತಿ ಡಾಲರಿಗೆ 10 ಸೆಂಟ್ ಸೇರುತ್ತಿತ್ತು. 4,000 ಡಾಲರ್ ದುಡಿದರೆ 400. ಅಲ್ಲಿಂದ ಮುಂದೆ ಅದೇ ದರದಲ್ಲಿ ಇಳಿದು 8,000ಕ್ಕೆ ಮುಗಿಯುತ್ತಿತ್ತು. ಮನೆಯ ಚಾವಣಿಯ ಹಾಗೆ ಏರಿ ಇಳಿಯುವ ಆಕಾರ. ಮುಂದೆ ದರಗಳು ದೊಡ್ಡದಾದವು, ಚಾವಣಿಯ ನೆತ್ತಿ ಚಪ್ಪಟೆಯಾಯಿತು. ಈ ಕ್ರೆಡಿಟ್ ತೆರಿಗೆಯನ್ನು ಸೊನ್ನೆ ಮಾಡಿ ನಿಲ್ಲುವುದಿಲ್ಲ. ಉಳಿದದ್ದು ಕೈಗೆ ಬರುತ್ತದೆ. ಅದರ ಜೀವ ಇರುವುದು ಅಲ್ಲೇ.

ಚರ್ಚೆ ಸಾಮಾನ್ಯವಾಗಿ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಹಣ ಕೊಟ್ಟರೆ ಜನ ಕೆಲಸ ಬಿಡುತ್ತಾರೆಯೇ? 1968ರಿಂದ 1982ರವರೆಗೆ ಅಮೆರಿಕ ನಾಲ್ಕು ದೊಡ್ಡ ಪ್ರಯೋಗಗಳನ್ನು ಇದಕ್ಕಾಗಿಯೇ ನಡೆಸಿತು. ಅತಿ ದೊಡ್ಡದಾದ ಸಿಯಾಟಲ್-ಡೆನ್ವರ್ ಪ್ರಯೋಗದಲ್ಲಿ ಗಂಡಸರ ಕೆಲಸದ ಗಂಟೆಗಳು ಹತ್ತರಲ್ಲಿ ಒಂದರ ಆಸುಪಾಸಿನಷ್ಟು ಇಳಿದವು, ಹೆಂಗಸರದ್ದು ಅದಕ್ಕಿಂತ ಹೆಚ್ಚು. ಯಾರೂ ಗುಂಪಾಗಿ ಕೆಲಸ ಬಿಟ್ಟು ಮನೆಯಲ್ಲಿ ಕೂರಲಿಲ್ಲ. ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಪಾಠ ಇಂಡಿಯಾನಾದ ಗ್ಯಾರಿ ಪಟ್ಟಣದಲ್ಲಿ ಸಿಕ್ಕಿತು: ಕೆಲಸ ಕಡಿಮೆಯಾದಂತೆ ಕಂಡದ್ದರಲ್ಲಿ ಒಂದು ಪಾಲು ನಿಜಕ್ಕೂ ವರದಿ ಮಾಡದ ಗಳಿಕೆ. ಕೆಲಸ ನಡೆದಿತ್ತು, ಚೀಟಿಯಲ್ಲಿ ಬರೆದಿರಲಿಲ್ಲ. ಸೋಮಾರಿತನದ ಮೇಲೆ ಸುರಿದ ಶಾಯಿಯಲ್ಲಿ ಅರ್ಧವಾದರೂ ಈ ಲೆಕ್ಕದ ಪುಸ್ತಕದ ಮೇಲೆ ಸುರಿದಿದ್ದರೆ ಮುಂದಿನ ಅನೇಕ ತಪ್ಪುಗಳು ಆಗುತ್ತಿರಲಿಲ್ಲ.

ತಪ್ಪು ಎಲ್ಲಿ ಆಗುತ್ತದೆ ಎಂಬುದು ಕಾಫಿ ತೋಟದ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಮೂಡಿಗೆರೆ ಕಡೆಯ ಒಂದು ಕೂಲಿ ಕುಟುಂಬ ಎಂದಿಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹಣ್ಣು ಕೊಯ್ಲು, ತಿಂಗಳಿಗೆ 18,000. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಕೆಲಸ ಸಿಗದೆ ತಿಂಗಳಿಗೆ 3,000. ಉಳಿದ ಐದು ತಿಂಗಳು 9,000. ವರ್ಷಕ್ಕೆ 1,11,000 ರೂಪಾಯಿ.

ಈಗ ಋಣಾತ್ಮಕ ತೆರಿಗೆಯ ನಿಯಮ ಹೀಗಿದೆ ಎನ್ನೋಣ: ತಿಂಗಳಿಗೆ 6,000 ಆಸರೆ, ದುಡಿದ ಪ್ರತಿ ರೂಪಾಯಿಗೆ ಅದರಲ್ಲಿ 50 ಪೈಸೆ ಕಡಿತ. ಅಂದರೆ ತಿಂಗಳಿಗೆ 12,000 ದುಡಿದರೆ ಆಸರೆ ಮುಗಿಯುತ್ತದೆ. ವರ್ಷದ ಲೆಕ್ಕ ಹಾಕಿದರೆ ಆಸರೆ 72,000. ಗಳಿಕೆಯ ಅರ್ಧ 55,500 ಕಳೆದರೆ ಕುಟುಂಬಕ್ಕೆ ಸಲ್ಲಬೇಕಾದದ್ದು 16,500.

ತಿಂಗಳ ಲೆಕ್ಕ ಹಾಕಿ ನೋಡಿ. ಮಳೆಗಾಲದಲ್ಲಿ ತಿಂಗಳಿಗೆ 4,500ರಂತೆ ನಾಲ್ಕು ತಿಂಗಳಿಗೆ 18,000. ಸಾಧಾರಣ ತಿಂಗಳುಗಳಲ್ಲಿ 1,500ರಂತೆ 7,500. ಕೊಯ್ಲಿನಲ್ಲಿ ಏನೂ ಇಲ್ಲ. ಒಟ್ಟು 25,500. ಅದೇ ಕುಟುಂಬ, ಅದೇ ದುಡಿಮೆ, ಅದೇ ದರ. 9,000 ರೂಪಾಯಿ ವ್ಯತ್ಯಾಸ. ಕೊಯ್ಲಿನ ಮೂರು ತಿಂಗಳು ಗಳಿಕೆ 12,000ವನ್ನು ದಾಟಿದ್ದರಿಂದ ತಿಂಗಳಿಗೆ 3,000ದಂತೆ ಕಡಿತವಾಗಬೇಕಿತ್ತು, ಆದರೆ ಕಡಿಯಲು ಆಸರೆಯೇ ಉಳಿದಿರಲಿಲ್ಲ.

ತಿಂಗಳು ತಿಂಗಳು ಕೊಟ್ಟು ಮಾರ್ಚಿನಲ್ಲಿ ವರ್ಷದ ಲೆಕ್ಕಕ್ಕೆ ತಾಳೆ ನೋಡುತ್ತೇವೆ ಎಂದರೆ ಆ 9,000 'ಹೆಚ್ಚುವರಿ ಪಾವತಿ' ಆಗುತ್ತದೆ. ಅದನ್ನು ಮುಂದಿನ ಕಂತುಗಳಲ್ಲಿ ಹಿಡಿದರೆ ಏಪ್ರಿಲ್‌ನ 1,500 ಹೋಯಿತು, ಮೇ ತಿಂಗಳ 1,500 ಹೋಯಿತು, ಜೂನ್‌ನ 4,500 ಪೂರ್ತಿ ಹೋಯಿತು, ಜುಲೈನಲ್ಲಿ ಇನ್ನೂ 1,500. ಮಳೆ ಶುರುವಾಗಿ ಕೆಲಸ ನಿಂತ ತಿಂಗಳಲ್ಲೇ ಕೈ ಖಾಲಿ. ಕುಟುಂಬ ಸುಳ್ಳು ಹೇಳಿಲ್ಲ, ಗುಮಾಸ್ತ ತಪ್ಪಿಲ್ಲ.

ಇದು ಕಾಗದದ ಮೇಲಿನ ಭಯವಲ್ಲ. ಬ್ರಿಟನ್ನಿನಲ್ಲಿ ಹೀಗೇ ಆಯಿತು. ಅಲ್ಲಿನ ಹಳೆಯ ಪದ್ಧತಿಯಲ್ಲಿ ಅರ್ಜಿ ಹಾಕಿದಾಗಿನ ಗಳಿಕೆ ನೋಡಿ 26 ವಾರಗಳಿಗೆ ಒಂದೇ ಮೊತ್ತ ನಿಗದಿ ಮಾಡುತ್ತಿದ್ದರು. ನಡುವೆ ಸಂಬಳ ಏರಿದರೂ ಕೊಟ್ಟದ್ದು ಕೊಟ್ಟದ್ದೇ. ಒರಟು ವಿಧಾನ, ಆದರೆ ಯಾರೂ ವಾಪಸ್ ಕೇಳುತ್ತಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ಬಂದ ಹೊಸ ಟ್ಯಾಕ್ಸ್ ಕ್ರೆಡಿಟ್ ಹೆಚ್ಚು ನಿಖರವಾಗಲು ಹೊರಟಿತು: ಹಿಂದಿನ ಗಳಿಕೆ ನೋಡಿ ಕಂತು ಕೊಡುವುದು, ವರ್ಷ ಮುಗಿದ ಮೇಲೆ ನಿಜವಾದ ಗಳಿಕೆಗೆ ತಾಳೆ ಹಾಕುವುದು. 2,500 ಪೌಂಡ್‌ವರೆಗಿನ ಏರಿಕೆಗೆ ವಿನಾಯಿತಿ ಇತ್ತು. ಸಾಕಾಗಲಿಲ್ಲ. ಮೊದಲ ವರ್ಷವೇ ಸುಮಾರು 200 ಕೋಟಿ ಪೌಂಡ್ ಹೆಚ್ಚುವರಿ ಪಾವತಿಯಾಗಿ ಲಕ್ಷಾಂತರ ಮನೆಗಳಿಗೆ ವಸೂಲಿ ಪತ್ರ ಹೋಯಿತು. ಖರ್ಚಾಗಿಹೋದ ಹಣವನ್ನು ಎಲ್ಲಿಂದ ತರುವುದು? 2006ರಲ್ಲಿ ವಿನಾಯಿತಿಯನ್ನು ಒಮ್ಮೆಲೇ 25,000 ಪೌಂಡ್‌ಗೆ ಏರಿಸಿದರು. ಅಂದರೆ ನಿಖರತೆಯನ್ನು ಕೈಬಿಟ್ಟು ಹಳೆಯ ಒರಟುತನಕ್ಕೇ ಹಣ ಕೊಟ್ಟು ಮರಳಿದರು. ಆಮೇಲೆ ಖರ್ಚು ಉಳಿಸಲು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ 2016ರಲ್ಲಿ ಮತ್ತೆ 2,500ಕ್ಕೇ ತಂದರು.

2013ರಿಂದ ಅಲ್ಲಿ ಅದರ ಬದಲಿಗೆ ಯೂನಿವರ್ಸಲ್ ಕ್ರೆಡಿಟ್ ಬಂತು. ಮಾಲೀಕರು ಸಂಬಳ ಕೊಟ್ಟಾಗಲೆಲ್ಲ ಕಂಪ್ಯೂಟರಿನಲ್ಲಿ ತೆರಿಗೆ ಇಲಾಖೆಗೆ ವರದಿ ಹೋಗುತ್ತದೆ, ಪ್ರತಿ ತಿಂಗಳು ಹೊಸ ಲೆಕ್ಕ. ವರ್ಷಾಂತ್ಯದ ತಾಳೆಯ ಗೊಡವೆ ತಪ್ಪಿತು, ಬೇರೆ ತೊಡಕು ಹುಟ್ಟಿತು. ತಿಂಗಳ ಕೊನೆಯ ದಿನ ಭಾನುವಾರವಾಗಿ ಸಂಬಳ ಎರಡು ದಿನ ಮೊದಲೇ ಬಿದ್ದರೆ ಒಂದು ಲೆಕ್ಕದ ತಿಂಗಳಿನಲ್ಲಿ ಎರಡು ಸಂಬಳ, ಮುಂದಿನದರಲ್ಲಿ ಸೊನ್ನೆ. ಇದರಿಂದ ನಷ್ಟವಾದ ನಾಲ್ವರು ತಾಯಂದಿರು ಕೋರ್ಟಿಗೆ ಹೋಗಿ 2020ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು.

ಅಮೆರಿಕದವರು ಈ ತಾಪತ್ರಯವನ್ನೇ ಬೇಡವೆಂದು ಗಳಿಕೆ ಕ್ರೆಡಿಟ್ಟನ್ನು ವರ್ಷಕ್ಕೊಮ್ಮೆ, ರಿಟರ್ನ್ ಸಲ್ಲಿಸಿದ ಮೇಲೆ ಇಡಿಗಂಟಾಗಿ ಕೊಡುತ್ತಾರೆ. 1979ರಿಂದ 2010ರವರೆಗೆ ಸಂಬಳದ ಜೊತೆಯಲ್ಲೇ ಮುಂಗಡವಾಗಿ ಪಡೆಯುವ ದಾರಿಯೂ ಇತ್ತು. ಅರ್ಹರಲ್ಲಿ ನೂರಕ್ಕೆ ಸುಮಾರು ಮೂವರು ಮಾತ್ರ ಅದನ್ನು ಬಳಸಿದರು. ಮಾಲೀಕನಿಗೆ ಫಾರಂ ಕೊಡಬೇಕಿತ್ತು, ವರ್ಷಾಂತ್ಯದಲ್ಲಿ ವಾಪಸ್ ಕಟ್ಟಬೇಕಾಗಿ ಬಂದರೆ ಎಂಬ ಅಂಜಿಕೆಯೂ ಇತ್ತು. ಆ ಅಂಜಿಕೆ ಬುದ್ಧಿವಂತಿಕೆಯದ್ದೇ.

ನಮ್ಮಲ್ಲಿಗೆ ಬಂದರೆ ಕಥೆ ಚಿಕ್ಕದು. 1961ರ ಆದಾಯ ತೆರಿಗೆ ಕಾಯ್ದೆಗೆ 2013ರಲ್ಲಿ 87ಎ ಕಲಂ ಸೇರಿ, 5 ಲಕ್ಷದೊಳಗಿನವರಿಗೆ 2,000 ರೂಪಾಯಿ ರಿಯಾಯಿತಿ ಬಂತು. 2025-26ಕ್ಕೆ ಹೊಸ ಪದ್ಧತಿಯಲ್ಲಿ ಅದು 12 ಲಕ್ಷದೊಳಗಿನವರಿಗೆ 60,000ದವರೆಗೆ ಬೆಳೆಯಿತು. ಆದರೆ ಇದು ತೆರಿಗೆಯನ್ನು ಸೊನ್ನೆಗೆ ಇಳಿಸಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಇದರ ಪೂರ್ತಿ ಲಾಭ 12 ಲಕ್ಷದವನಿಗೆ. 1,11,000ದವರಿಗೆ ಬಿಡಿಗಾಸೂ ಇಲ್ಲ.

ಬಡವರಿಗೆ ಕೊಡುವ ಹಣ ನಮ್ಮಲ್ಲಿ ಬೇರೆ ಬಾಗಿಲಿನಿಂದ ಬರುತ್ತದೆ, ಆದಾಯ ತೆರಿಗೆಯನ್ನು ಅಲ್ಲಿ ಬಳಸುವುದು ಯಾರನ್ನು ಹೊರಗಿಡಬೇಕು ಎಂದು ತಿಳಿಯಲು. ಗೃಹಲಕ್ಷ್ಮಿಯ ತಿಂಗಳ 2,000 ಸಿಗಬೇಕಾದರೆ ಮನೆಯೊಡತಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಪಾವತಿದಾರರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು. ಪಿಎಂ ಕಿಸಾನ್‌ನಲ್ಲೂ ತೆರಿಗೆ ಕಟ್ಟಿದವರಿಗೆ ಇಲ್ಲ. ಇಳಿಜಾರು ಇಲ್ಲ, ನೇರ ಕಡಿದು: ಗೃಹಲಕ್ಷ್ಮಿಯಲ್ಲಿ ವರ್ಷಕ್ಕೆ 24,000 ಅಥವಾ ಸೊನ್ನೆ.

ಈ ಗೆರೆ ಹಾಸನ, ಚಿಕ್ಕಮಗಳೂರಿನಲ್ಲಿ ವಿಚಿತ್ರವಾಗಿ ಬೀಳುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಸಕಲೇಶಪುರದ ಬೆಳೆಗಾರ ಕಾಫಿ ಹಣ್ಣನ್ನು ಒಣಗಿಸಿ ಚೆರ್ರಿಯಾಗಿ ಮಾರಿದರೆ ಅದು ಕೃಷಿ ಆದಾಯವೇ. ತಾನೇ ಬೆಳೆದು ಸಿಪ್ಪೆ ತೆಗೆಸಿ, ಅಂದರೆ ಕ್ಯೂರಿಂಗ್ ಮಾಡಿಸಿ, ಮಾರಿದರೆ ಮಾತ್ರ ಆದಾಯ ತೆರಿಗೆ ನಿಯಮಗಳ ಪ್ರಕಾರ ಶೇ 25 ಭಾಗ ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ನಾಳೆ ಋಣಾತ್ಮಕ ತೆರಿಗೆಯನ್ನು ರಿಟರ್ನ್ ನೋಡಿಯೇ ಕೊಡುತ್ತೇವೆ ಎಂದರೆ, 40 ಲಕ್ಷದ ಚೆರ್ರಿ ಮಾರಿದವನ ತೆರಿಗೆಗೆ ಒಳಪಡುವ ಆದಾಯ ಸೊನ್ನೆ, ಪೂರ್ತಿ ಆಸರೆ. ಟಿಡಿಎಸ್ ಹಿಡಿಸಿಕೊಂಡ ಟ್ಯಾಕ್ಸಿಯವನ ಪ್ರತಿ ರೂಪಾಯಿಯೂ ಕಣ್ಣಿಗೆ ಬೀಳುತ್ತದೆ. ಕೃಷಿ ಆದಾಯವನ್ನು ಲೆಕ್ಕಕ್ಕಾದರೂ ಸೇರಿಸದೆ ಸೂತ್ರದ ಮಾತು ಆಡುವುದರಲ್ಲಿ ಅರ್ಥವಿಲ್ಲ.

ಕೂಲಿಯವರ ಗಳಿಕೆ ಎಲ್ಲಿ ದಾಖಲಾಗುತ್ತದೆ? ದೊಡ್ಡ ಎಸ್ಟೇಟಿನ ಕಾಯಂ ಆಳುಗಳಿಗೆ ಮಸ್ಟರ್ ಇದೆ, ಪಿಎಫ್ ಇದೆ. ಅವರ ಮಟ್ಟಿಗೆ ಲೆಕ್ಕ ಸಾಧ್ಯ. ಕೊಯ್ಲಿಗೆ ಹೊರಗಿನಿಂದ ಬಂದು ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವವರದ್ದು ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ. ಸಂಜೆ ತೂಕ ಹಾಕುವಾಗ ಗಂಡ, ಹೆಂಡತಿ, ಕೆಲವೊಮ್ಮೆ ಅತ್ತೆಯೂ ಕೊಯ್ದದ್ದು ಒಂದೇ ಚೀಲಕ್ಕೆ ಬೀಳುತ್ತದೆ. ಪುಸ್ತಕದಲ್ಲಿ ಏರುವುದು ಒಬ್ಬರ ಹೆಸರು.