ಡಿಸ್ಕೌಂಟ್ ದರ ಒಂದು ಪಾಯಿಂಟ್ ಏರಿದರೆ ಅಡಿಕೆ ತೋಟದ ಎನ್‌ಪಿವಿ ಯಾಕಷ್ಟು ಕುಸಿಯುತ್ತದೆ?

ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ದರವೇ ಡಿಸ್ಕೌಂಟ್ ದರ, ಹಾಗೆ ಇಳಿಸಿದ ಮೊತ್ತದಿಂದ ಹಾಕಿದ ಹಣ ಕಳೆದು ಉಳಿಯುವುದೇ ಎನ್‌ಪಿವಿ. ದರ ಏರಿದರೆ ಎನ್‌ಪಿವಿ ಇಳಿಯುತ್ತದೆ. ಇಷ್ಟು ನಮಗೆಲ್ಲ ಗೊತ್ತು. ಆದರೆ ಅದೇ ಒಂದು ಪಾಯಿಂಟ್ ಏರಿಕೆಗೆ ಒಂದು ಯೋಜನೆ ಅಲುಗಾಡುವುದೇ ಇಲ್ಲ, ಇನ್ನೊಂದು ಲಾಭದಿಂದ ನಷ್ಟಕ್ಕೇ ಹೋಗುತ್ತದೆ. ಇದು ಯಾಕೆ ಎಂದು ನಮ್ಮ ಕಾಸರಗೋಡಿನ ಕಡೆಯ ಎರಡು ಹೂಡಿಕೆಗಳನ್ನು ಇಟ್ಟುಕೊಂಡು ನೋಡೋಣ. ಒಂದು, ಬಾಡಿಗೆಗೆ ಅಡಿಕೆ ಸುಲಿದು ಕೊಡುವ ಮೆಷಿನ್. ಇನ್ನೊಂದು, ಬದಿಯಡ್ಕದ ಕಡೆ ಹೊಸದಾಗಿ ಹಾಕುವ ಒಂದು ಎಕರೆ ಅಡಿಕೆ ತೋಟ. ಇಲ್ಲಿನ ರೂಪಾಯಿ ಲೆಕ್ಕ ಕಲಿಯಲಿಕ್ಕೆಂದು ನಾನು ಇಟ್ಟದ್ದು, ಮಾರುಕಟ್ಟೆಯ ದರ ಅಲ್ಲ.

ಮೊದಲು ಒಂದೇ ಒಂದು ವರ್ಷದ ಹಣವನ್ನು ನೋಡಿ. ದರ ಶೇ. 10 ಇದ್ದಾಗ ಒಂದು ವರ್ಷದ ನಂತರ ಬರುವ ಹಣವನ್ನು 1.10ರಿಂದ ಭಾಗಿಸುತ್ತೇವೆ. ಶೇ. 11 ಆದರೆ 1.11ರಿಂದ. ಅಂದರೆ ಹಳೆಯ ಮೌಲ್ಯ 1.10/1.11ರಷ್ಟಕ್ಕೆ, ಅಂದರೆ ಸುಮಾರು 0.991ಕ್ಕೆ ಇಳಿಯುತ್ತದೆ. ನಷ್ಟ ಶೇ. 0.9 ಮಾತ್ರ. ಎರಡು ವರ್ಷದ ನಂತರದ ಹಣಕ್ಕೆ ಈ ಕತ್ತರಿ ಎರಡು ಸಲ ಬೀಳುತ್ತದೆ, ಹತ್ತು ವರ್ಷದ ನಂತರದ ಹಣಕ್ಕೆ ಹತ್ತು ಸಲ. ಹಾಗಾಗಿ 10ನೇ ವರ್ಷದ ಹಣದ ಇಂದಿನ ಮೌಲ್ಯ ಶೇ. 8.7 ಕಡಿಮೆಯಾಗುತ್ತದೆ, 20ನೇ ವರ್ಷದ್ದು ಶೇ. 16.6, 30ನೇ ವರ್ಷದ್ದು ಶೇ. 23.8. ದರ ಏರಿದ್ದು ಒಂದೇ ಪಾಯಿಂಟ್. ಆದರೆ ಅದು ಪ್ರತಿ ವರ್ಷದ ಭಾಗಾಕಾರದಲ್ಲೂ ಕೂತಿರುತ್ತದೆ. ಮುಂದೆ ಬರುವುದೆಲ್ಲ ಇದರ ಮೇಲೇ ನಿಂತಿದೆ.

ಈಗ ಮೆಷಿನ್. ಇವತ್ತು 3,00,000 ರೂಪಾಯಿ ಖರ್ಚು. ನಾಲ್ಕು ವರ್ಷ ಬಾಳಿಕೆ, ವರ್ಷಕ್ಕೆ ಕರೆಂಟು, ಕೂಲಿ, ರಿಪೇರಿ ಕಳೆದು 1,10,000 ಕೈಗೆ ಬರುತ್ತದೆ. ಕೊನೆಗೆ ಗುಜರಿ ಬೆಲೆ ಏನೂ ಇಲ್ಲ ಅಂದುಕೊಳ್ಳಿ. ಶೇ. 10ರಲ್ಲಿ ನಾಲ್ಕು ವರ್ಷದ ಹಣದ ಇಂದಿನ ಮೌಲ್ಯ ಕ್ರಮವಾಗಿ 1,00,000, 90,909, 82,645, 75,131. ಒಟ್ಟು 3,48,685. ಎನ್‌ಪಿವಿ 48,685. ಶೇ. 11ಕ್ಕೆ ಹೋದರೆ ಒಳಬರುವ ಹಣದ ಒಟ್ಟು ಮೌಲ್ಯ 3,41,269 ಆಗುತ್ತದೆ, ಎನ್‌ಪಿವಿ 41,269. ಇಳಿದದ್ದು 7,416 ರೂಪಾಯಿ.

ತೋಟದ್ದು ಬೇರೆ ಕಥೆ. ಗುಂಡಿ, ಸಸಿ, ನೀರಿನ ವ್ಯವಸ್ಥೆ ಎಲ್ಲ ಸೇರಿ ಇವತ್ತು 3,00,000. ಅಡಿಕೆ ಗಿಡ ನೆಟ್ಟ ಕೂಡಲೇ ಫಸಲು ಕೊಡುವುದಿಲ್ಲ ಅಲ್ವಾ? ಹಾಗಾಗಿ 1ರಿಂದ 5ನೇ ವರ್ಷದವರೆಗೆ ವರ್ಷಕ್ಕೆ 60,000 ಗೊಬ್ಬರಕ್ಕೆ, ಕೆಲಸದವರಿಗೆ. 6ನೇ ವರ್ಷದಿಂದ 30ನೇ ವರ್ಷದವರೆಗೆ ಖರ್ಚು ಕಳೆದು ವರ್ಷಕ್ಕೆ 1,02,000 ಆದಾಯ. ಶೇ. 10ರಲ್ಲಿ ಈ ಆದಾಯದ ಇಂದಿನ ಮೌಲ್ಯ 5,74,885. ಐದು ವರ್ಷದ ಆರೈಕೆಯ ಖರ್ಚಿನ ಇಂದಿನ ಮೌಲ್ಯ 2,27,447. ಮೊದಲಿನ 3,00,000 ಕೂಡ ಕಳೆದರೆ ಎನ್‌ಪಿವಿ 47,438. ಮೆಷಿನಿನ ಎನ್‌ಪಿವಿಗೂ ಇದಕ್ಕೂ ಹೆಚ್ಚೇನು ವ್ಯತ್ಯಾಸ ಇಲ್ಲ. ಹಾಗೆ ಬರಲಿ ಎಂದೇ ಅಂಕಿ ಆರಿಸಿದ್ದೇನೆ.

ದರ ಶೇ. 11 ಮಾಡಿ. ಆದಾಯದ ಮೌಲ್ಯ 5,09,785ಕ್ಕೆ ಬೀಳುತ್ತದೆ. ಆರೈಕೆಯ ಖರ್ಚಿನ ಮೌಲ್ಯವೂ ಸ್ವಲ್ಪ ಇಳಿದು 2,21,754 ಆಗುತ್ತದೆ, ಅದು ನಮಗೆ ಅನುಕೂಲವೇ. ಆದರೂ ಎನ್‌ಪಿವಿ ಮೈನಸ್ 11,969. ಒಂದು ಪಾಯಿಂಟಿಗೆ 59,407 ರೂಪಾಯಿ ಹೋಯಿತು. ಮೆಷಿನಿಗೆ ಹೋದದ್ದರ ಎಂಟು ಪಟ್ಟು. ಶೇ. 10ರಲ್ಲಿ ಎರಡೂ ಒಂದೇ ತೂಕ, ಶೇ. 11ರಲ್ಲಿ ಒಂದು ಸ್ವೀಕಾರ, ಇನ್ನೊಂದು ತಿರಸ್ಕಾರ.

ತೋಟಕ್ಕೆ ಹಾಕಿದ ಹಣವೂ ಜಾಸ್ತಿ ಇದೆಯಲ್ಲ, ಅದಕ್ಕೇ ಜಾಸ್ತಿ ಇಳಿದಿರಬಹುದು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಒಳಬರುವ ಹಣದ ಇಂದಿನ ಮೌಲ್ಯ ಶೇಕಡಾ ಎಷ್ಟು ಇಳಿಯಿತು ಎಂದು ನೋಡಬೇಕು. ಮೆಷಿನಿನದು ಶೇ. 2.1, ತೋಟದ್ದು ಶೇ. 11.3. ಗಾತ್ರದ ಮಾತು ಬಿಟ್ಟರೂ ವ್ಯತ್ಯಾಸ ಐದು ಪಟ್ಟು ಉಳಿಯುತ್ತದೆ. ಇಲ್ಲಿ ಎನ್‌ಪಿವಿಯ ಶೇಕಡಾವಾರು ಇಳಿಕೆಯನ್ನು ಮಾತ್ರ ಹೋಲಿಸಬೇಡಿ. ಎನ್‌ಪಿವಿ ಸೊನ್ನೆಯ ಹತ್ತಿರ ಇದ್ದರೆ ಸಣ್ಣ ಇಳಿಕೆಯೂ ಶೇ. 100, 200 ಎಂದು ತೋರಿಸಿ ದಾರಿ ತಪ್ಪಿಸುತ್ತದೆ. ತೋಟದ ಎನ್‌ಪಿವಿ ಶೇ. 125 ಇಳಿಯಿತು ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ತೋಟದ ಆ ನಷ್ಟ ಯಾವ ವರ್ಷಗಳಿಂದ ಬಂತು? ಶೇ. 23.8 ಕಳೆದುಕೊಂಡ 30ನೇ ವರ್ಷವೇ ಕಾರಣ ಎಂದು ತಟ್ಟನೆ ಅನ್ನಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. 30ನೇ ವರ್ಷದ 1,02,000ದ ಇಂದಿನ ಮೌಲ್ಯ ಶೇ. 10ರಲ್ಲೇ ಬರೀ 5,845. ಶೇ. 11ರಲ್ಲಿ 4,456. ಹೋದದ್ದು 1,389 ಮಾತ್ರ. ಅದೇ 10ನೇ ವರ್ಷದ ಹಣ 39,325ರಿಂದ 35,923ಕ್ಕೆ ಇಳಿಯುತ್ತದೆ, ನಷ್ಟ 3,402. 6ನೇ ವರ್ಷದ್ದು 3,043. ದೂರದ ವರ್ಷಕ್ಕೆ ಪೆಟ್ಟು ದೊಡ್ಡದು, ಆದರೆ ಪೆಟ್ಟು ಬೀಳಲು ಅಲ್ಲಿ ಉಳಿದಿರುವ ಮೌಲ್ಯವೇ ಕಡಿಮೆ. ಹತ್ತಿರದ ವರ್ಷದಲ್ಲಿ ಮೌಲ್ಯ ಇದೆ, ಪೆಟ್ಟು ಸಣ್ಣದು. ಪ್ರತಿ ವರ್ಷ ಒಂದೇ ಮೊತ್ತ ಬರುವಾಗ, ಶೇ. 10ರ ಆಸುಪಾಸಿನಲ್ಲಿ, ರೂಪಾಯಿಯಲ್ಲಿ ಅತಿ ಹೆಚ್ಚು ನಷ್ಟ ಆಗುವುದು 10, 11ನೇ ವರ್ಷದ ಹತ್ತಿರ. ಮೆಷಿನ್ ಅಲ್ಲಿಗೆ ತಲುಪುವ ಮೊದಲೇ ಮುಗಿದಿರುತ್ತದೆ. ತೋಟ ಆ ವರ್ಷಗಳಲ್ಲೇ ಪೂರ್ತಿ ಫಸಲು ಕೊಡುತ್ತಿರುತ್ತದೆ.

ಇದನ್ನು ಒಂದೇ ಅಂಕಿಯಲ್ಲಿ ಹಿಡಿಯಲು ಒಂದು ದಾರಿ ಇದೆ. ಪ್ರತಿ ವರ್ಷದ ಇಂದಿನ ಮೌಲ್ಯವನ್ನು ಆ ವರ್ಷದ ಸಂಖ್ಯೆಯಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ಇಂದಿನ ಮೌಲ್ಯದಿಂದ ಭಾಗಿಸಿ. ಹಣ ಸರಾಸರಿ ಎಷ್ಟು ವರ್ಷ ದೂರದಲ್ಲಿದೆ ಎಂಬುದು ಸಿಗುತ್ತದೆ. ಬಾಂಡಿನ ಪಾಠದಲ್ಲಿ ಬರುವ ಡ್ಯುರೇಶನ್ ಇದೇ. ಮೆಷಿನಿಗೆ ಇದು 2.4 ವರ್ಷ, ತೋಟದ ಆದಾಯಕ್ಕೆ 13.5 ವರ್ಷ. ಇವನ್ನು 1.10ರಿಂದ ಭಾಗಿಸಿದರೆ ಒಂದು ಪಾಯಿಂಟಿಗೆ ಶೇಕಡಾ ಎಷ್ಟು ಇಳಿಯುತ್ತದೆ ಎಂಬ ಅಂದಾಜು: 2.2 ಮತ್ತು 12.2. ನಿಜವಾದದ್ದು 2.1 ಮತ್ತು 11.3. ದರ ಏರಿದಂತೆ ದೂರದ ವರ್ಷಗಳ ತೂಕವೇ ಕಡಿಮೆಯಾಗುವುದರಿಂದ ಅಂದಾಜು ಯಾವಾಗಲೂ ಸ್ವಲ್ಪ ಹೆಚ್ಚು ತೋರಿಸುತ್ತದೆ. ಅದೇ ಕಾರಣಕ್ಕೆ, ದರ ಶೇ. 4ರಿಂದ 5ಕ್ಕೆ ಏರಿದರೆ ಇದೇ ತೋಟದ ಆದಾಯದ ಮೌಲ್ಯ ಶೇ. 14 ಇಳಿಯುತ್ತದೆ, ಶೇ. 15ರಿಂದ 16ಕ್ಕೆ ಏರಿದರೆ ಶೇ. 9.7 ಮಾತ್ರ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಯೋಜನೆಯ ಆಯುಷ್ಯಕ್ಕಿಂತ ಹಣ ಯಾವಾಗ ಬರುತ್ತದೆ ಎಂಬುದೇ ಮುಖ್ಯ. 30 ವರ್ಷ ಬಾಳುವ ಯೋಜನೆಯಾದರೂ ಹಣವೆಲ್ಲ ಮೊದಲ ಐದು ವರ್ಷದಲ್ಲೇ ಬಂದರೆ ದರಕ್ಕೆ ಅದು ಅಷ್ಟು ಹೆದರಬೇಕಾಗಿಲ್ಲ. ತೋಟದಲ್ಲಿ ಮೊದಲ ಮೂರು ವರ್ಷ ನಡುವೆ ಬಾಳೆ ಹಾಕಿದರೆ ಏನಾಗುತ್ತದೆ ನೋಡಿ. ವರ್ಷಕ್ಕೆ 40,000 ಉಳಿದರೆ ಅದರ ಇಂದಿನ ಮೌಲ್ಯ ಶೇ. 10ರಲ್ಲಿ 99,474, ಶೇ. 11ರಲ್ಲಿ 97,749. ಈಗ ತೋಟದ ಎನ್‌ಪಿವಿ 1,46,912ರಿಂದ 85,780ಕ್ಕೆ ಇಳಿಯುತ್ತದೆ. ಗಮನಿಸಿ, ಬಾಳೆ ಇಳಿಕೆಯನ್ನು ತಡೆಯಲಿಲ್ಲ. ರೂಪಾಯಿ ಲೆಕ್ಕದಲ್ಲಿ ಇಳಿಕೆ 1,725 ಜಾಸ್ತಿಯೇ ಆಯಿತು. ಆದರೆ ಎನ್‌ಪಿವಿ ಸೊನ್ನೆಗಿಂತ ಮೇಲೇ ನಿಂತಿತು.

ಕಂಪ್ಯೂಟರಿನಲ್ಲಿ ಮಾಡಿ ನೋಡುವವರಿಗೆ ಸೂತ್ರ ಹೀಗೆ. B1ರಲ್ಲಿ ದರ, C2ರಲ್ಲಿ ಇವತ್ತಿನ ಖರ್ಚು (ಮೈನಸ್ ಹಾಕಿ), C3ರಿಂದ C32ರವರೆಗೆ 30 ವರ್ಷ.

```
=NPV(B1,C3:C32)+C2
```

C2ವನ್ನು ಆವರಣದೊಳಗೆ ಸೇರಿಸಿದರೆ ಇವತ್ತಿನ ಖರ್ಚನ್ನೂ ಒಂದು ವರ್ಷ ಮುಂದೆ ತಳ್ಳಿದಂತಾಗುತ್ತದೆ. ಆಗ ಬಾಳೆ ಇಲ್ಲದ ತೋಟಕ್ಕೆ 47,438ರ ಬದಲು 43,125 ಬರುತ್ತದೆ. ಆ ಅಂಕಿ ಕಂಡರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ.

ದರ ಆರಿಸುವಾಗ ಆಗುವ ಎರಡು ತಪ್ಪುಗಳು ದೀರ್ಘ ಯೋಜನೆಗೇ ಜೋರಾಗಿ ತಟ್ಟುತ್ತವೆ. ಒಂದು, ಅಪಾಯ ಇದೆ ಎಂದು ಸುಮ್ನೆ ದರಕ್ಕೆ ಒಂದು ಪಾಯಿಂಟ್ ಸೇರಿಸುವುದು. ಕೊಳೆರೋಗದ ಭಯಕ್ಕೆ ಹೀಗೆ ಮಾಡಿದಿರಿ ಅಂದುಕೊಳ್ಳಿ. 6ನೇ ವರ್ಷದ ಫಸಲನ್ನು ಶೇ. 5.3 ಕಡಿತಗೊಳಿಸಿದಿರಿ, 30ನೇ ವರ್ಷದ್ದನ್ನು ಶೇ. 23.8. ಆದರೆ ಕೊಳೆರೋಗ ವರ್ಷ ಕಳೆದಂತೆ ಹೆಚ್ಚಾಗುವ ರೋಗ ಅಲ್ಲ. ಬಿಡದೆ ಮಳೆ ಸುರಿದ ವರ್ಷ, ಬೋರ್ಡೋ ದ್ರಾವಣ ಹೊಡೆಯಲು ಬಿಡುವು ಸಿಗದ ವರ್ಷ ಬರುವ ರೋಗ. ಐದು ವರ್ಷಕ್ಕೊಮ್ಮೆ ಅರ್ಧ ಆದಾಯ ಹೋಗುತ್ತದೆ ಎಂದು ನಿಮ್ಮ ಅಂದಾಜಾದರೆ ಪ್ರತಿ ವರ್ಷದ 1,02,000ವನ್ನೇ ಶೇ. 10 ಇಳಿಸಿ ಬರೆಯಿರಿ, ದರವನ್ನು ಮುಟ್ಟಬೇಡಿ. ಪೆಟ್ಟು ಆಗ ಎಲ್ಲ ವರ್ಷಕ್ಕೂ ಸಮನಾಗಿ ಬೀಳುತ್ತದೆ.

ಎರಡನೆಯದು ಇನ್ನೂ ದೊಡ್ಡದು. ನಾವು 30 ವರ್ಷಕ್ಕೂ ಇವತ್ತಿನ ಅಡಿಕೆ ಬೆಲೆ, ಇವತ್ತಿನ ಕೂಲಿ ಹಿಡಿದೆವು. ಆದರೆ ಶೇ. 10 ಬ್ಯಾಂಕಿನ ಸಾಲದ ದರದಂತಹದ್ದು, ಅದರೊಳಗೆ ಬೆಲೆ ಏರಿಕೆಯ ನಿರೀಕ್ಷೆ ಸೇರಿರುತ್ತದೆ. ಹಣದುಬ್ಬರ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಇವತ್ತಿನ ಬೆಲೆಯಲ್ಲೇ ಲೆಕ್ಕ ಹಾಕುವುದಾದರೆ ದರದಿಂದಲೂ ಹಣದುಬ್ಬರವನ್ನು ತೆಗೆಯಬೇಕು. ತೆಗೆದ ಮೇಲೆ ಶೇ. 5 ಉಳಿಯಿತು ಅಂದುಕೊಳ್ಳಿ. ಮೆಷಿನಿನ ಎನ್‌ಪಿವಿ 48,685ರಿಂದ 90,055 ಆಗುತ್ತದೆ. ಬಾಳೆ ಇಲ್ಲದ ತೋಟದ್ದು 47,438ರಿಂದ 5,66,614 ಆಗುತ್ತದೆ. ಮೆಷಿನಿನಲ್ಲಿ ಈ ತಪ್ಪು ಆದರೂ ತೀರ್ಮಾನ ಬದಲಾಗುವುದಿಲ್ಲ. ತೋಟದಲ್ಲಿ ಮಾತ್ರ, ಐದು ಲಕ್ಷ ಕೊಡಬಲ್ಲ ಯೋಜನೆಯನ್ನು ಶೇ. 11ರ ಲೆಕ್ಕ ನಷ್ಟ ಎಂದು ತೋರಿಸಿಬಿಡುತ್ತದೆ. ಹಾಗಾಗಿ ಪ್ರಶ್ನೆಪತ್ರಿಕೆಯಲ್ಲಿ 20, 30 ವರ್ಷದ ಯೋಜನೆ ಕಂಡರೆ ಲೆಕ್ಕಕ್ಕೆ ಇಳಿಯುವ ಮೊದಲು, ಕೊಟ್ಟಿರುವ ಆದಾಯದಲ್ಲಿ ಬೆಲೆ ಏರಿಕೆ ಸೇರಿದೆಯೇ, ದರದಲ್ಲಿ ಸೇರಿದೆಯೇ ಎಂದು ಓದಿ ಗುರುತು ಹಾಕಿಕೊಳ್ಳಿ.