ಹಳೆಯ ಭಾವಚಿತ್ರದ ಮೇಲಿನ ಕಲೆ: ಬ್ರಷ್‌ಗಿಂತ ಮೊದಲು ಕೆಂಪು ಚಾನೆಲ್

ಕಲೆಯಾದ ಹಳೆಯ ಫೋಟೋವನ್ನು ಸ್ಕ್ಯಾನ್ ಮಾಡಿದ ಕೂಡಲೇ ಹೆಚ್ಚಿನವರು ಹೀಲಿಂಗ್ ಬ್ರಷ್ ಹಿಡಿಯುತ್ತಾರೆ. ಕಪ್ಪು-ಬಿಳುಪು ಭಾವಚಿತ್ರದಲ್ಲಿ ಅದು ಕೊನೆಗೆ ಮಾಡುವ ಕೆಲಸ. ಆ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ, ಅದಕ್ಕೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ. ನೀರಿನ ಕಲೆ, ಬೂಷ್ಟಿನ ಚುಕ್ಕೆ, ಸೆಲೋಟೇಪಿನ ಹಳೆಯ ಅಂಟು ಮಾತ್ರ ಸಾಮಾನ್ಯವಾಗಿ ಹಳದಿ ಇಲ್ಲವೇ ಕಂದು. ಇವು ನೀಲಿ ಬೆಳಕನ್ನು ಹೀರಿಕೊಂಡು ಕೆಂಪು ಬೆಳಕನ್ನು ಬಹುಮಟ್ಟಿಗೆ ಹಿಂದಕ್ಕೆ ಕೊಡುತ್ತವೆ. ಬಣ್ಣದ ಸ್ಕ್ಯಾನ್ ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆಬೇರೆ ಚಾನೆಲ್‌ಗಳಲ್ಲಿ ದಾಖಲಿಸುತ್ತದೆ. ಹಾಗಾಗಿ ಅದರ ನೀಲಿ ಚಾನೆಲ್‌ನಲ್ಲಿ ಕಲೆ ಎದ್ದು ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಮಸುಕಾಗುತ್ತದೆ.

1960ರ ದಶಕದ, ಪೋಸ್ಟ್‌ಕಾರ್ಡ್ ಗಾತ್ರದ ಒಂದು ಸ್ಟುಡಿಯೋ ಫೋಟೋವನ್ನೇ ತೆಗೆದುಕೊಳ್ಳೋಣ. ಕುಳಿತ ಹೆಂಗಸಿನ ಸೀರೆಯ ಮೇಲೆ ನೀರು ಹರಡಿದ ಗುರುತು, ಕೆನ್ನೆ ಮತ್ತು ಹಿನ್ನೆಲೆಯ ಮೇಲೆ ಬೂಷ್ಟಿನ ಚುಕ್ಕೆ, ಹರಿದ ಮೇಲ್ಮೂಲೆಗೆ ಟೇಪು. ಟೇಪನ್ನು ಕೀಳಬೇಡಿ, ಅದರ ಜೊತೆ ಚಿತ್ರದ ಪದರವೂ ಎದ್ದು ಬರಬಹುದು. ಹಾಗೇ ಇಟ್ಟು 600 ಡಿಪಿಐನಲ್ಲಿ, ಬಣ್ಣದಲ್ಲಿ, ಪ್ರತಿ ಚಾನೆಲ್‌ಗೆ 16 ಬಿಟ್‌ನಂತೆ ಸ್ಕ್ಯಾನ್ ಮಾಡಿ ಟಿಫ್ ಆಗಿ ಉಳಿಸಿ. ಸ್ಕ್ಯಾನರ್‌ನ ಶಾರ್ಪನಿಂಗ್, ಧೂಳು ತೆಗೆಯುವ ಆಯ್ಕೆ ಎರಡೂ ಬಂದ್ ಇರಲಿ. ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿಬಿಟ್ಟರೆ ಮುಂದೆ ಹೇಳುವ ಯಾವುದಕ್ಕೂ ದಾರಿ ಇರುವುದಿಲ್ಲ.

ಫೋಟೋಶಾಪ್‌ನಲ್ಲಿ Channel Mixer ಲೇಯರ್ ಸೇರಿಸಿ, Monochrome ಗುರುತು ಹಾಕಿ, Red 100, Green 0, Blue 0 ಕೊಡಿ. ತೆಳು ಕಲೆಗಳು ಇಷ್ಟಕ್ಕೇ ಹೋಗಿಬಿಡುತ್ತವೆ. ಆದರೆ ಒಂದು ಎಚ್ಚರ ಬೇಕು. ಚಿತ್ರವೇ ಮಾಸಿ ಹಳದಿಯಾಗಿದ್ದರೆ ಬಿಳಿ ಸೀರೆಯ ನೆರಿಗೆಯಂಥ ತಿಳಿ ಭಾಗದ ವಿವರವೂ ಕೆಂಪು ಚಾನೆಲ್‌ನಲ್ಲಿ ಕರಗುತ್ತದೆ. ಆಗ ಕಲೆಯಾದ ಜಾಗಕ್ಕೆ ಮಾತ್ರ ಮಾಸ್ಕ್ ಹಾಕಿ ಕೆಂಪನ್ನು ಬಳಸಿ, ಉಳಿದ ಕಡೆ ಹಸಿರು ಚಾನೆಲ್ ಇಟ್ಟುಕೊಳ್ಳುವುದು ಮೇಲು.

ನೀರಿನ ಕಲೆಯೊಳಗೆ ಇನ್ನೂ ತುಸು ಮಬ್ಬು ಉಳಿದಿರುತ್ತದೆ. ಅದನ್ನು ಕಪ್ಪಿಗೂ ಬಿಳುಪಿಗೂ ಒಂದೇ ಅಂಕಿ ಕೂಡಿಸುವಂತೆ ಬ್ರೈಟ್‌ನೆಸ್ ಏರಿಸಿ ಸರಿಪಡಿಸಲು ಹೋದರೆ ಕೂದಲಿನ ಕಪ್ಪು, ಸೀರೆಯ ಗಾಢ ಅಂಚು ಬೂದುಬಣ್ಣಕ್ಕೆ ತಿರುಗುತ್ತವೆ. ಕಲೆ ತನ್ನ ಅಡಿಯ ಬೆಳಕನ್ನು ಒಂದೇ ಪ್ರಮಾಣದಲ್ಲಿ ತಗ್ಗಿಸಿರುತ್ತದೆ, ಆದ್ದರಿಂದ ಅದೇ ಪ್ರಮಾಣದಲ್ಲಿ ಹಿಗ್ಗಿಸಬೇಕು. ಕಪ್ಪು 0, ಬಿಳಿ 255 ಎಂಬ ಅಳತೆಯಲ್ಲಿ ಒಂದೇ ತಿಳಿ ಬಟ್ಟೆಯ ಮೇಲೆ ಕಲೆಯ ಹೊರಗೆ 225, ಒಳಗೆ 190 ಬಂತು ಅನ್ನಿ. 190ನ್ನು 225ರಿಂದ ಭಾಗಿಸಿ 255ರಿಂದ ಗುಣಿಸಿದರೆ 215. ಕಲೆಯ ಜಾಗಕ್ಕೆ ಮಾತ್ರ ಮಾಸ್ಕ್ ಹಾಕಿದ Levels ಲೇಯರ್‌ನ ಬಿಳಿ ತುದಿಯನ್ನು 255ರಿಂದ 215ಕ್ಕೆ ಎಳೆಯಿರಿ. ಬಟ್ಟೆ 225ಕ್ಕೆ ಏರುತ್ತದೆ, ಆದರೆ 20 ಇದ್ದ ಕೂದಲು ಸುಮಾರು 24ಕ್ಕೆ ನಿಲ್ಲುತ್ತದೆ. ಮಾಸ್ಕ್‌ನ ಅಂಚು ಕಲೆಯ ಅಂಚಿನಷ್ಟೇ ಮೃದುವಾಗಿರಲಿ. ಕೊನೆಗೆ ಉಳಿಯುವುದು ನೀರು ಕೊಳೆಯನ್ನು ತಳ್ಳಿಕೊಂಡು ಹೋಗಿ ನಿಲ್ಲಿಸಿದ ಗಾಢ ಗೆರೆ. ಅದನ್ನು ಖಾಲಿ ಲೇಯರ್ ಮೇಲೆ, Sample: Current & Below ಇಟ್ಟು, ಗೆರೆಗಿಂತ ತುಸುವೇ ದಪ್ಪದ ಹೀಲಿಂಗ್ ಬ್ರಷ್‌ನಿಂದ ತುಂಡುತುಂಡಾಗಿ ಅಳಿಸಿ. ಒಂದೇ ಎಳೆತಕ್ಕೆ ಅಳಿಸಿದರೆ ಬಟ್ಟೆಯ ನೇಯ್ಗೆ ಪಟ್ಟಿಯಂತೆ ಮರುಕಳಿಸುತ್ತದೆ.

ಕೆನ್ನೆಯ ಮೇಲಿನ ಚುಕ್ಕೆ ಬೂಷ್ಟೋ ಮಚ್ಚೆಯೋ? ಕುಟುಂಬದವರಿಗೆ ಅತ್ಯಂತ ನೋವಾಗುವ ತಪ್ಪು ಇಲ್ಲೇ ಆಗುವುದು. Channel Mixer ಲೇಯರನ್ನು ಮರೆಮಾಡಿ ಮೂರು ಚಾನೆಲ್‌ಗಳನ್ನೂ ಒಂದೊಂದಾಗಿ, 100 ಶೇಕಡಾ ಗಾತ್ರದಲ್ಲಿ ನೋಡಿ. ಮಚ್ಚೆ ಚಿತ್ರದ್ದೇ ಬೆಳ್ಳಿ, ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಗಾಢತೆ. ಕಂದು ಬೂಷ್ಟು ನೀಲಿಯಲ್ಲಿ ಕಪ್ಪಾಗಿ, ಕೆಂಪಿನಲ್ಲಿ ತೆಳುವಾಗಿ ಕಾಣುತ್ತದೆ. ಮೂರರಲ್ಲೂ ಬಿಳಿಚಿ, ಅಂಚು ಕಚ್ಚಿದಂತಿದ್ದರೆ ಬೂಷ್ಟು ಜೆಲಟಿನ್ ಪದರವನ್ನೇ ತಿಂದಿರಬಹುದು, ಅಲ್ಲಿ ಮಾಹಿತಿ ಉಳಿದಿರುವುದಿಲ್ಲ. ಆದರೆ ಮೂಗುತಿಯ ಹೊಳಪೂ ಹೀಗೇ ಬಿಳಿ ಚುಕ್ಕೆಯಾಗಿ ಕಾಣುವುದುಂಟು, ಅಳಿಸುವ ಮೊದಲು ಜಾಗ ನೋಡಿಕೊಳ್ಳಿ. ನಿಜವಾದ ನಷ್ಟವನ್ನು ತೀರಾ ಹತ್ತಿರದ ಚರ್ಮದಿಂದ ತುಂಬಿ. ಕೆನ್ನೆಗೆ ಹಣೆಯ ಚರ್ಮ ತಂದರೆ ಬೆಳಕಿನ ದಿಕ್ಕು ತಪ್ಪಿ ತೇಪೆಯಾಗಿ ಕಾಣುತ್ತದೆ.

ಟೇಪಿನ ಹಳದಿ ಕೆಂಪು ಚಾನೆಲ್‌ನಲ್ಲಿ ಇಳಿದರೂ ಅದರ ದಪ್ಪದಿಂದ ಬಿದ್ದ ನೆರಳಿನ ಗೆರೆ ಇಳಿಯುವುದಿಲ್ಲ. ಅದಕ್ಕಾಗಿ ಫೋಟೋವನ್ನು 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ. ನೆರಳು ಈಗ ಟೇಪಿನ ಎದುರು ಅಂಚಿಗೆ ಬೀಳುತ್ತದೆ. ಎರಡನೆಯ ಸ್ಕ್ಯಾನನ್ನು ಫೋಟೋಶಾಪ್‌ನಲ್ಲಿ ಮತ್ತೆ 180 ಡಿಗ್ರಿ ತಿರುಗಿಸಿ, ಎರಡನ್ನೂ Auto-Align Layers ಮೂಲಕ ಹೊಂದಿಸಿ, ಮೇಲಿನದರ ಬ್ಲೆಂಡ್ ಮೋಡ್ Lighten ಮಾಡಿ, ಟೇಪಿನ ಅಂಚುಗಳಿಗೆ ಮಾತ್ರ ಮಾಸ್ಕ್ ಬಿಡಿ. ಉಳಿದ ಮಬ್ಬಿಗೆ ಮತ್ತದೇ Levels ಲೆಕ್ಕ, ಆದರೆ ಇಲ್ಲಿ ಮಾಸ್ಕ್‌ನ ಅಂಚು 1–2 ಪಿಕ್ಸೆಲ್‌ಗಿಂತ ಹೆಚ್ಚು ಮೃದುವಾಗಬಾರದು. ನೇರ ಗೆರೆಯ ಅಕ್ಕಪಕ್ಕ ಉಳಿದ ಮಸುಕು ಬೇಗ ಕಣ್ಣಿಗೆ ಬೀಳುತ್ತದೆ. ಟೇಪು ಕೂದಲು ಮತ್ತು ಹಿನ್ನೆಲೆ ಕೂಡುವಲ್ಲಿ ಹಾದಿದ್ದರೆ ಹೀಲಿಂಗ್ ಬ್ರಷ್ ಕಪ್ಪನ್ನು ಹಿನ್ನೆಲೆಗೆ ಸವರುತ್ತದೆ, ಅಲ್ಲಿ ಕ್ಲೋನ್ ಸ್ಟ್ಯಾಂಪ್ ಬಳಸಿ.

ಕೈಯಿಂದ ಬಣ್ಣ ತುಂಬಿದ ಫೋಟೋಗಳಿಗೆ ಈ ವಿಧಾನ ಬೇಡ. ಅಲ್ಲಿ ಕೆಂಪು ಚಾನೆಲ್ ಕಲೆಯ ಜೊತೆಗೆ ತುಟಿಯ ಬಣ್ಣವನ್ನೂ ಹಣೆಯ ಕುಂಕುಮವನ್ನೂ ತೆಳುವಾಗಿಸಿಬಿಡುತ್ತದೆ.