ಸಂಜೆ ಕೆಲ್ಸ ಬಿಡೋ ಲೆಟರ್‌ನಲ್ಲಿ ಅಮ್ಮಂಗೆ ಹುಷಾರಿಲ್ಲ ಅಂತ ಬರೀಬೇಡಿ

ಗೋಣಿಕೊಪ್ಪ ಕಡೆ ಒಂದು ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿರೋ ಹುಡುಗ ಕೊಯ್ಲು ಶುರುವಾಗೋಕೆ ಸ್ವಲ್ಪ ಮುಂಚೆ ನನ್ನ ಹತ್ರ ಬಂದಿದ್ದ. ನಾನು ಎಸ್ಟೇಟ್‌ಗಳ ಸಂಬಳ, ಪಿಎಫ್ ಲೆಕ್ಕ ನೋಡ್ಕೊಳ್ಳೋನು, ರಾಜೀನಾಮೆ ಕಾಗದ ತಿದ್ದಿಸ್ಕೊಳ್ಳೋಕೆ ಬರೋರು ಇದ್ದೇ ಇರ್ತಾರೆ. ಇವನು ಹಗಲು ಎಸ್ಟೇಟ್, ಸಂಜೆ ಎರಡು ಗಂಟೆ ಪೇಟೆಯ ಒಬ್ರು ಕಾಫಿ ವ್ಯಾಪಾರಿ ಹತ್ರ ಬಿಲ್ ಎಂಟ್ರಿ. ಎರಡು ವರ್ಷ ಏನೂ ತೊಂದ್ರೆ ಇರ್ಲಿಲ್ಲ, ಯಾಕಂದ್ರೆ ಇವನ ಎಸ್ಟೇಟ್ ಕಾಫಿ ಬೇರೆ ಕಡೆ ಹೋಗ್ತಿತ್ತು. ಈ ಸಲ ಎಸ್ಟೇಟ್ ಸಾವುಕಾರ್ರು ಇದೇ ವ್ಯಾಪಾರಿಗೆ ರೊಬಸ್ಟಾ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಕೊಡ್ತೀವಿ ಅಂತ ಮಾತಾಡ್ಕೊಂಡು ಬಂದ್ರು, ಅಲ್ಲಿಗೆ ಶುರುವಾಯ್ತು ತಲೆನೋವು.

ಚೆರಿ ವ್ಯಾಪಾರ ಗೊತ್ತಿರೋರಿಗೆ ಇದು ಯಾಕೆ ಸಣ್ಣ ವಿಷ್ಯ ಅಲ್ಲ ಅಂತ ಹೇಳ್ಬೇಕಾಗಿಲ್ಲ. 50 ಕೆಜಿ ಚೀಲದಲ್ಲಿ ಕ್ಲೀನ್ ಬೀಜ ಎಷ್ಟು ಕೆಜಿ ಬರುತ್ತೆ ಅನ್ನೋ ಔಟ್‌ಟರ್ನ್ ಮೇಲೆ ರೇಟು, ಒಂದು ಕೆಜಿಗೆ ಒಂದು ಪಾಯಿಂಟ್. ಪಾಯಿಂಟಿಗೆ 300 ರೂಪಾಯಿ ಅಂತಿಟ್ಕೊಳ್ಳಿ, 200 ಚೀಲಕ್ಕೆ 27 ಬರ್ಬೇಕಾದಲ್ಲಿ 26 ಅಂತ ಬರೆದ್ರೆ 60,000 ರೂಪಾಯಿ ಆಚೀಚೆ ಆಯ್ತು. ಎಸ್ಟೇಟ್ ಪರವಾಗಿ ಸ್ಯಾಂಪಲ್ ಹಿಡ್ಕೊಂಡು ಹೋಗೋನೂ ಇವನೇ, ಸಂಜೆ ಅದೇ ಬಿಲ್ ಕೂರ್ಸೋನೂ ಇವನೇ, ಬೇರೆ ತೋಟದೋರಿಗೆ ಏನು ರೇಟ್ ಕೊಟ್ರು ಅನ್ನೋದೂ ಇವನ ಕಣ್ಣಿಗೆ ಬೀಳುತ್ತೆ. ಇವನು ಒಂದು ಪೈಸೆ ಮುಟ್ಟದಿದ್ರೂ, ನಾಳೆ ಔಟ್‌ಟರ್ನ್ ಬಗ್ಗೆ ಜಗಳ ಬಂದ್ರೆ ಎರಡೂ ಕಡೆಯೋರು ನೋಡೋದು ಇವನ ಮುಖನೇ.

ಅವನು ಬರ್ಕೊಂಡು ಬಂದಿದ್ದ ಲೆಟರ್‌ನಲ್ಲಿ ಅಮ್ಮಂಗೆ ಹುಷಾರಿಲ್ಲ ಅಂತಿತ್ತು. ಅಲ್ಲಪ್ಪಾ, ನಿಮ್ಮಮ್ಮ ಸಂತೇಲಿ ಸೊಪ್ಪು ಚೌಕಾಸಿ ಮಾಡೋದನ್ನ ಆ ವ್ಯಾಪಾರಿ ವಾರವಾರ ನೋಡ್ತಾರಲ್ಲ ಅಂದೆ. ನಕ್ಕ, ಆಮೇಲೆ ಇನ್ನೊಂದು ಬರೆದ, ಅದ್ರಲ್ಲಿ ಕ್ಷಮಿಸಿ ಅಂತ ನಾಲ್ಕು ಸಲ, ಓದಿದ್ರೆ ಏನೋ ಕದ್ದು ಸಿಕ್ಕಿಬಿದ್ದ ಹಾಗೆ. ತಪ್ಪೇ ಮಾಡದೋನು ಅಷ್ಟೊಂದು ಕ್ಷಮೆ ಕೇಳಿದ್ರೆ ಓದೋರಿಗೆ ಡೌಟ್ ಬರೋದು ಸಹಜ. ಕೊನೆಗೆ ಒಪ್ಪಿದ್ದು ಇಷ್ಟು:

"ಮಾನ್ಯರೇ, ನಾನು ಹಗಲು ಕೆಲಸ ಮಾಡುವ ಎಸ್ಟೇಟ್ ಈ ವರ್ಷದಿಂದ ತಮಗೆ ಕಾಫಿ ಕೊಡಲಿದೆ. ಮಾರುವವರ ಲೆಕ್ಕವನ್ನೂ ಕೊಳ್ಳುವವರ ಲೆಕ್ಕವನ್ನೂ ಒಬ್ಬನೇ ನೋಡುವುದು ಸರಿಯಲ್ಲವೆಂದು ತಮ್ಮಲ್ಲಿಯ ಸಂಜೆ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಇಂದಿನಿಂದ 15 ದಿನ ಬಂದು ಕೆಲಸ ಒಪ್ಪಿಸುತ್ತೇನೆ. ಆ ಎಸ್ಟೇಟಿನ ಬಿಲ್ಲುಗಳನ್ನು ಮಾತ್ರ ಇಂದಿನಿಂದಲೇ ಬೇರೆಯವರಿಗೆ ವಹಿಸಬೇಕಾಗಿ ಕೋರುತ್ತೇನೆ. ಇಲ್ಲಿ ತಿಳಿದ ಲೆಕ್ಕ, ದರಗಳನ್ನು ಹೊರಗೆ ಹೇಳುವುದಿಲ್ಲ. ಎರಡು ವರ್ಷ ನನ್ನನ್ನು ನಂಬಿ ಕೆಲಸ ಕೊಟ್ಟಿದ್ದಕ್ಕೆ ಕೃತಜ್ಞ."

ಇದ್ರಲ್ಲಿ ಎಲ್ರೂ ಮರೆಯೋದು ಆ ಬಿಲ್ಲಿನ ಸಾಲು. ರಾಜೀನಾಮೆ ಕೊಟ್ಟಾಯ್ತು, ಮುಗೀತು ಅಂದ್ಕೋತಾರೆ, ಆದ್ರೆ ನೋಟಿಸ್ ಪೀರಿಯಡ್ ಹದಿನೈದು ದಿನದಲ್ಲೇ ಮೊದಲ ಲೋಡ್ ಬಂದುಬಿಟ್ರೆ ಆ ಬಿಲ್ ಇವನ ಕೈಲೇ ಆಗುತ್ತೆ, ಯಾವುದನ್ನ ತಪ್ಪಿಸ್ಕೊಳ್ಳೋಕೆ ಬಿಟ್ಟನೋ ಅದೇ. ಇನ್ನು ಎಸ್ಟೇಟ್ ಕಡೆ ಒಳಗಿನ ಮಾತು, ಇಷ್ಟಕ್ಕೆ ಕೊಡ್ಬೇಕು ಅಂತ ಸಾವುಕಾರ್ರು ಹಾಕಿರೋ ಲೆಕ್ಕ, ಇವೆಲ್ಲ ಈ ಲೆಟರ್‌ಗೆ ಬರ್ಲೇಬಾರ್ದು. ಕಾರಣ ವಿವರಿಸ್ತೀನಿ ಅಂತ ಹೋಗಿ ಗುಟ್ಟು ಬಿಟ್ಕೊಟ್ಟೋರನ್ನ ನೋಡಿದ್ದೀನಿ.

ಸಾವುಕಾರ್ರಿಗೆ ಹೇಳ್ಬೇಕಾ ಅಂತ ಕೇಳ್ದ. ಅಪಾಯಿಂಟ್‌ಮೆಂಟ್ ಲೆಟರ್ ತರಿಸಿ ನೋಡಿದ್ರೆ ಬೇರೆ ಕೆಲ್ಸಕ್ಕೆ ಬರವಣಿಗೇಲಿ ಒಪ್ಪಿಗೆ ಬೇಕು ಅಂತಿದೆ, ಇವನು ಬಾಯಲ್ಲಿ ಹೇಳಿದ್ನಂತೆ ಅಷ್ಟೇ. ಹಾಗಾಗಿ ಎರಡು ಸಾಲಿನ ಕಾಗದ ಅವ್ರಿಗೂ ಕೊಟ್ಟ, ಇಂಥ ತಾರೀಕಿಂದ ಸಂಜೆ ಕೆಲ್ಸ ಇಲ್ಲ, ಅಲ್ಲಿವರೆಗೆ ನಮ್ಮ ಬಿಲ್ ನಾನು ಮುಟ್ಟಲ್ಲ ಅಂತ.

ವ್ಯಾಪಾರಿಗೆ ಲೆಟರ್ ಪೋಸ್ಟಲ್ಲಿ ಕಳಿಸ್ಬೇಡ, ಕೈಗೇ ಕೊಡು, ಇನ್ನೊಂದು ಕಾಪಿ ಮೇಲೆ ತಾರೀಕು ಹಾಕಿಸಿ ಸೈನ್ ತಗೋ ಅಂದಿದ್ದೆ. ಅವ್ರು ಓದಿ, ಮೊದ್ಲೇ ಹೇಳಿದ್ಯಲ್ಲ ಒಳ್ಳೇದಾಯ್ತು ಬಿಡು ಅಂದ್ರಂತೆ, ಆದ್ರೆ ಇನ್ನೆರಡು ವರ್ಷ ಬೇರೆ ಯಾವ ವ್ಯಾಪಾರಿ ಹತ್ರಾನೂ ಸೇರಲ್ಲ ಅಂತ ಬರ್ಕೊಡು ಅಂತಾನೂ ಕೇಳಿದ್ರಂತೆ. ಅದನ್ನ ಬರ್ಕೊಡ್ಬೇಡ ಅಂದೆ. ಕೆಲ್ಸ ಬಿಟ್ಟ ಮೇಲಿನ ಅಂಥ ಕಟ್ಟು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲಲ್ಲ, ಗುಟ್ಟು ಕಾಪಾಡ್ತೀನಿ ಅನ್ನೋ ಮಾತು ಬೇರೆ, ಅದನ್ನ ಲೆಟರ್‌ನಲ್ಲೇ ಕೊಟ್ಟಾಗಿದೆ. ಇದನ್ನೇ ಮೆಲ್ಲಗೆ ಹೇಳಿದ ಮೇಲೆ ಅವ್ರೂ ಜಾಸ್ತಿ ಎಳೀಲಿಲ್ಲ.

ಹದಿನೈದನೇ ದಿನ ಅಂಗಡಿ ಕೀ, ಬಿಲ್ ಬುಕ್ ಕೊಟ್ಟು, ಕಂಪ್ಯೂಟರ್ ಪಾಸ್‌ವರ್ಡ್ ಅವ್ರ ಎದುರೇ ಬದಲಾಯಿಸಿ ಬಂದ. ರೇಟ್ ಬರೋ ವಾಟ್ಸಾಪ್ ಗ್ರೂಪಿಂದ ಮಾತ್ರ ಹೊರಗೆ ಬರೋದು ಮರ್ತಿದ್ದ, ನಾನು ಫೋನ್ ಮಾಡಿ ನೆನಪಿಸ್ದೆ.